ಎಂ.ಡಿ. ಓದುವ ಒಂದು ಪುಟ: ತಪಾಸಣೆಯ ಮರುದಿನದ ಟಿಪ್ಪಣಿ

ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳು ಕಾರ್ಖಾನೆಗೆ ಬಂದು, ಎಲ್ಲ ನೋಡಿ, ನೀರಿನ ಮಾದರಿ ತೆಗೆದುಕೊಂಡು ಹೋದ ಮೇಲೆ ಕಂಪ್ಲಯನ್ಸ್ ಅಧಿಕಾರಿಗೆ ಒಂದು ಬರವಣಿಗೆಯ ಕೆಲಸ ಉಳಿಯುತ್ತದೆ. ತಪಾಸಣೆಯಲ್ಲಿ ಏನು ಕಂಡಿತು, ಈಗ ಏನು ತೀರ್ಮಾನ ಆಗಬೇಕು ಎಂದು ವ್ಯವಸ್ಥಾಪಕ ನಿರ್ದೇಶಕರಿಗೆ ಒಂದು ಟಿಪ್ಪಣಿ ಬರೆಯಬೇಕು. ಹೊಸದಾಗಿ ಈ ಕೆಲಸಕ್ಕೆ ಬಂದವರು ಅದನ್ನು ತಪಾಸಣೆಯ ವರದಿಯಂತೆ ಬರೆಯುತ್ತಾರೆ. ಅಧಿಕಾರಿಗಳು ಹತ್ತು ಗಂಟೆಗೆ ಬಂದರು, ಮೊದಲು ಬಾಯ್ಲರ್ ನೋಡಿದರು, ಆಮೇಲೆ ಇ.ಟಿ.ಪಿ.ಗೆ ಹೋದರು ಎಂದು ಶುರುವಾಗಿ ಐದನೇ ಪುಟದಲ್ಲಿ ‘ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ’ ಎಂದು ಮುಗಿಯುತ್ತದೆ. ಎಂ.ಡಿ. ಅದನ್ನು ಓದಿ ‘ನೋಡಿದೆ’ ಎಂದು ಸಹಿ ಹಾಕುತ್ತಾರೆ. ತೀರ್ಮಾನ ಮಾತ್ರ ಎಲ್ಲೂ ಆಗಿರುವುದಿಲ್ಲ.

ಟಿಪ್ಪಣಿಯ ಕೆಲಸ ತೀರ್ಮಾನ ಮಾಡಿಸುವುದು. ಹೇಗೆ ಎಂಬುದನ್ನು ಒಂದೇ ಉದಾಹರಣೆ ಹಿಡಿದು ನಿಧಾನವಾಗಿ ನೋಡೋಣ. ಕಾರ್ಖಾನೆ ಕಲ್ಪಿತ, ಆದರೆ ಇಂಥ ತೊಂದರೆ ಈ ಉದ್ಯಮದಲ್ಲಿ ಹೊಸದಲ್ಲ.

ಬೆಂಗಳೂರಿನ ಪೀಣ್ಯದಲ್ಲಿ ನಿಕಲ್ ಮತ್ತು ಕ್ರೋಮ್ ಪ್ಲೇಟಿಂಗ್ ಮಾಡುವ ಒಂದು ಕಾರ್ಖಾನೆ ಎಂದಿಟ್ಟುಕೊಳ್ಳಿ. ಕ್ರೋಮ್ ತೊಟ್ಟಿಯಿಂದ ತೆಗೆದ ಬಿಡಿಭಾಗಗಳನ್ನು ನೀರಿನಲ್ಲಿ ಜಾಲಾಡುತ್ತಾರೆ. ಆ ನೀರಿಗೆ ಆರು ವೇಲೆನ್ಸಿಯ ಕ್ರೋಮಿಯಂ ಸೇರುತ್ತದೆ. ಇದು ಕ್ಯಾನ್ಸರ್ ತರಬಲ್ಲ ವಿಷ, ನೀರಿನಲ್ಲಿ ಸುಲಭವಾಗಿ ಕರಗಿ ದೂರ ಹೋಗುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಇದೇ ಕ್ರೋಮಿಯಂ ಈಗಾಗಲೇ ಕಂಡುಬಂದಿದೆ. ಹಾಗಾಗಿ ಅಲ್ಲಿ ಕೆಲಸ ಮಾಡುವ ಕಂಪ್ಲಯನ್ಸ್ ಅಧಿಕಾರಿಗೆ ಕ್ರೋಮಿಯಂನ ಅಂಕಿ ಬರೀ ಕಡತದ ಅಂಕಿ ಆಗಬಾರದು.

ನೀರನ್ನು ಶುದ್ಧೀಕರಿಸುವ ಕ್ರಮ ಗೊತ್ತಿಲ್ಲದೆ ಟಿಪ್ಪಣಿ ಬರೆಯಲಾಗದು, ಅದನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲ ತೊಟ್ಟಿಯಲ್ಲಿ ಗಂಧಕಾಮ್ಲ ಹಾಕಿ ಪಿಎಚ್ ಅನ್ನು 2.5ರ ಆಸುಪಾಸಿಗೆ ಇಳಿಸುತ್ತಾರೆ. ಜೊತೆಗೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕುತ್ತಾರೆ. ಆರು ವೇಲೆನ್ಸಿಯ ಕ್ರೋಮಿಯಂ ಮೂರು ವೇಲೆನ್ಸಿಗೆ ಇಳಿಯುತ್ತದೆ, ಹಳದಿ ನೀರು ಹಸಿರಾಗುತ್ತದೆ. ಎರಡನೇ ತೊಟ್ಟಿಯಲ್ಲಿ ಸುಣ್ಣ ಅಥವಾ ಕಾಸ್ಟಿಕ್ ಹಾಕಿ ಪಿಎಚ್ ಅನ್ನು 8.5ರ ಹತ್ತಿರಕ್ಕೆ ಏರಿಸಿದಾಗ ಆ ಕ್ರೋಮಿಯಂ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ. ಅದನ್ನು ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿದರೆ ಸಿಗುವುದೇ ಸ್ಲಡ್ಜ್. ಇಲ್ಲಿ ನೆನಪಿಡಬೇಕಾದದ್ದು ಒಂದು: ಮೊದಲ ತೊಟ್ಟಿಯಲ್ಲಿ ಪಿಎಚ್ 2.5ರ ಹತ್ತಿರ ಇದ್ದರೆ ಕೆಲಸ ಕೆಲವೇ ನಿಮಿಷಗಳಲ್ಲಿ ಆಗುತ್ತದೆ. 4 ದಾಟಿದರೆ ತೀರಾ ನಿಧಾನವಾಗುತ್ತದೆ, ಕ್ರೋಮಿಯಂ ಹಾಗೇ ಉಳಿದು ಮುಂದಕ್ಕೆ ಹರಿಯುತ್ತದೆ. ಆರು ವೇಲೆನ್ಸಿಯ ಕ್ರೋಮಿಯಂ ಸುಣ್ಣಕ್ಕೆ ಸಿಕ್ಕಿ ತಳಕ್ಕೆ ಕೂರುವುದಿಲ್ಲ. ಆದ್ದರಿಂದ ಮೊದಲ ತೊಟ್ಟಿಯಲ್ಲಿ ತಪ್ಪಿದ್ದನ್ನು ಎರಡನೆಯದು ಸರಿಮಾಡಲಾರದು.

ಮಂಗಳವಾರ ಬೆಳಿಗ್ಗೆ ತಪಾಸಣೆ ನಡೆಯಿತು. ಅಧಿಕಾರಿಗಳು ಹೊರಹರಿವಿನ ಬಳಿ ಮಾದರಿ ತೆಗೆದುಕೊಂಡರು. ಅದೇ ಹೊತ್ತಿಗೆ, ಅದೇ ಜಾಗದಿಂದ ಕಂಪ್ಲಯನ್ಸ್ ಅಧಿಕಾರಿಯೂ ಒಂದು ಮಾದರಿ ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಎನ್‌ಎಬಿಎಲ್ ಮಾನ್ಯತೆ ಇರುವ ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿದರು. ಈ ಅಭ್ಯಾಸ ಬಿಡಬೇಡಿ. ಸಂರಕ್ಷಕ ಹಾಕದ ಮಾದರಿಯಲ್ಲಿ ಈ ಕ್ರೋಮಿಯಂ ಅನ್ನು 24 ಗಂಟೆಯೊಳಗೆ ಪರೀಕ್ಷಿಸಬೇಕು, ನಾಳೆ ಕಳಿಸಿದರಾಯಿತು ಎಂದರೆ ಫಲಿತಾಂಶಕ್ಕೆ ಬೆಲೆ ಇರುವುದಿಲ್ಲ. ಬುಧವಾರ ಸಂಜೆ ಫಲಿತಾಂಶ ಬಂತು: ಲೀಟರಿಗೆ 0.42 ಮಿಲಿಗ್ರಾಂ. ಕಾರ್ಖಾನೆಯ ಸಮ್ಮತಿ ಪತ್ರದಲ್ಲಿರುವ ಮಿತಿ 0.1.

ಮಿತಿಯನ್ನು ಸಮ್ಮತಿ ಪತ್ರ ತೆರೆದು ಅಲ್ಲಿಂದಲೇ ಬರೆದುಕೊಳ್ಳಬೇಕು, ನೆನಪಿನಿಂದ ಬರೆಯಬಾರದು. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ಕೆರೆ, ಹೊಳೆಗೆ ಬಿಡುವ ನೀರಿಗೆ ಇದೇ ಕ್ರೋಮಿಯಂ 0.1 ಮಿಲಿಗ್ರಾಂ ಇರಬಹುದು, ಸಾರ್ವಜನಿಕ ಒಳಚರಂಡಿಗೆ 2.0 ಇರಬಹುದು. ಎಲೆಕ್ಟ್ರೋಪ್ಲೇಟಿಂಗ್‌ಗೆ ಪ್ರತ್ಯೇಕ ಮಾನದಂಡವೂ ಇದೆ. ಯಾವುದು ನಿಮಗೆ ಅನ್ವಯಿಸುತ್ತದೆ ಎಂದು ನಿಮ್ಮ ಸಮ್ಮತಿ ಪತ್ರ ಹೇಳುತ್ತದೆ. ತಪ್ಪು ಸಾಲು ಹಿಡಿದರೆ ಉಲ್ಲಂಘನೆ ಆಗಿದ್ದರೂ ‘ಮಿತಿಯೊಳಗೇ ಇದೆ’ ಎಂದು ಎಂ.ಡಿ.ಗೆ ಭರವಸೆ ಕೊಟ್ಟಂತಾಗುತ್ತದೆ.

ತಪಾಸಣೆಯಲ್ಲಿ ಇನ್ನೂ ಎರಡು ವಿಷಯ ಬಂದವು. ಸ್ಲಡ್ಜ್ ಕೋಣೆಯಲ್ಲಿ 1,900 ಕಿಲೋ ದಾಸ್ತಾನಿದೆ, ಅತಿ ಹಳೆಯ ಚೀಲದ ಚೀಟಿಯ ಪ್ರಕಾರ ಅದಕ್ಕೆ 143 ದಿನ ಆಗಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಮೂರನೆಯದು, ಗೇಟಿನ ಬಳಿಯ ಫಲಕದಲ್ಲಿ ತ್ಯಾಜ್ಯದ ಹಳೆಯ ಅಂಕಿಗಳಿವೆ.

ಈಗ ಟಿಪ್ಪಣಿಗೆ ಬರೋಣ. ಬುಧವಾರ ಸಂಜೆಯೇ ಬರೆಯಬೇಕು. ಮಂಡಳಿಯ ನೋಟಿಸ್ ಬರಲಿ, ಆಮೇಲೆ ನೋಡೋಣ ಎಂದು ಕಾಯುವವರು ಬಹಳ. ನೋಟಿಸ್ ಬರಲು ದಿನಗಳು ಹಿಡಿಯಬಹುದು, ವಾರಗಳೂ ಹಿಡಿಯಬಹುದು. ಅಷ್ಟು ದಿನವೂ ಆ ನೀರು ಎಲ್ಲಿಗೋ ಹೋಗುತ್ತಿರುತ್ತದಲ್ಲ.

ಮೊದಲ ಪ್ಯಾರಾದಲ್ಲಿ ತೀರ್ಮಾನಗಳು ಬರಬೇಕು. ಹೀಗೆ:

> ಮಾನ್ಯರೇ,
> ಮಂಗಳವಾರದ ತಪಾಸಣೆಯ ಹಿನ್ನೆಲೆಯಲ್ಲಿ ತಮ್ಮಿಂದ ಮೂರು ತೀರ್ಮಾನ ಬೇಕಿದೆ. ಮೊದಲನೆಯದು ನಾಳೆ ಗುರುವಾರ ಮಧ್ಯಾಹ್ನ 12 ಗಂಟೆಯೊಳಗೆ ಬೇಕು: ಕ್ರೋಮ್ ಲೈನ್ ನಿಲ್ಲಿಸುವುದೋ, ನೀರನ್ನು ತೊಟ್ಟಿ ತೊಟ್ಟಿಯಾಗಿ ಕೈಯಿಂದ ಶುದ್ಧೀಕರಿಸಿ ನಡೆಸುವುದೋ. ಎರಡನೆಯದು, ಪಿಎಚ್ ಮತ್ತು ಡೋಸಿಂಗ್ ನಿಯಂತ್ರಕಕ್ಕೆ 1.8 ಲಕ್ಷ ರೂಪಾಯಿ ಮಂಜೂರು ಮಾಡುವುದು. ಮೂರನೆಯದು, ಸ್ಲಡ್ಜ್ ವಿಲೇವಾರಿ ಒಪ್ಪಂದದ ನವೀಕರಣ ಶುಲ್ಕ ಈ ವಾರವೇ ಪಾವತಿಸಲು ಅಕೌಂಟ್ಸ್‌ಗೆ ಸೂಚನೆ ಕೊಡುವುದು.

ಇಷ್ಟನ್ನೇ ಓದಿ ಎಂ.ಡಿ. ಬೇರೆ ಸಭೆಗೆ ಹೋದರೂ ಅವರ ತಲೆಯಲ್ಲಿ ‘ನಾಳೆ 12 ಗಂಟೆ’ ಉಳಿದಿರುತ್ತದೆ. ಗಡುವಿಗೆ ಕಾರಣವನ್ನೂ ಹೇಳಬೇಕು. ‘ತುರ್ತು’ ಎಂಬ ಮಾತನ್ನು ಅವರು ದಿನಕ್ಕೆ ಹತ್ತು ಸಲ ಕೇಳುತ್ತಾರೆ, ಅದಕ್ಕೆ ಈಗ ಭಾರ ಉಳಿದಿಲ್ಲ. ಲೆಕ್ಕ ಕೊಟ್ಟರೆ ಅವರಿಗೇ ತಿಳಿಯುತ್ತದೆ.

> ಮಂಗಳವಾರ ಮಧ್ಯಾಹ್ನ 2 ಗಂಟೆಗೆ ಹೊರಹರಿವಿನ ವಾಲ್ವ್ ಮುಚ್ಚಿಸಿದ್ದೇನೆ. ಅಂದಿನಿಂದ ಕ್ರೋಮ್ ಲೈನಿನ ನೀರು 15,000 ಲೀಟರಿನ ಸಂಗ್ರಹ ತೊಟ್ಟಿಗೆ ಹೋಗುತ್ತಿದೆ. ದಿನಕ್ಕೆ 6,000 ಲೀಟರ್ ಬರುತ್ತದೆ. ಬುಧವಾರ ಸಂಜೆ 6ಕ್ಕೆ 7,000 ಲೀಟರ್ ತುಂಬಿದೆ. ಉಳಿದ 8,000 ಲೀಟರ್ ಜಾಗ ಶುಕ್ರವಾರ ಬೆಳಗಾಗುವ ಮೊದಲೇ ತುಂಬುತ್ತದೆ.

ನೋಡಿ, ಗಡುವನ್ನು ಇಲ್ಲಿ ತೊಟ್ಟಿಯೇ ಹಾಕಿದೆ. ಗುರುವಾರ ಮಧ್ಯಾಹ್ನ ಎಂದದ್ದು ಏಕೆಂದರೆ ಕೈಯಿಂದ ಶುದ್ಧೀಕರಿಸಬೇಕಾದರೆ ಆಳುಗಳನ್ನು ಹೊಂದಿಸಲು ಅರ್ಧ ದಿನ ಬೇಕು. ಇನ್ನೊಂದನ್ನೂ ಗಮನಿಸಿ: ವಾಲ್ವ್ ಮುಚ್ಚಿಸಲು ಕಂಪ್ಲಯನ್ಸ್ ಅಧಿಕಾರಿ ಯಾರ ಅಪ್ಪಣೆಗೂ ಕಾಯಲಿಲ್ಲ. ತನ್ನ ಅಧಿಕಾರದಲ್ಲಿ ಮಾಡಬಹುದಾದ್ದನ್ನು ಮಾಡಿ, ಅದನ್ನು ‘ಮಾಡಿದ್ದೇನೆ’ ಎಂದು ತಿಳಿಸಿದರು. ಗೇಟಿನ ಫಲಕವೂ ಹಾಗೆಯೇ. ‘ಫಲಕವನ್ನು ಇಂದು ಸರಿಪಡಿಸಲಾಗಿದೆ’ ಎಂಬ ಒಂದು ಸಾಲು ಕೊನೆಯಲ್ಲಿ ಸಾಕು. ಮೂರು ಲೋಪಗಳಿವೆ ಎಂದು ಮೂರನ್ನೂ ಒಂದೇ ಅಳತೆಯಲ್ಲಿ ಬರೆದರೆ ಕ್ರೋಮಿಯಂ ಮತ್ತು ಫಲಕ ಸರಿಸಮ ಆಗಿಬಿಡುತ್ತವೆ.

ಮುಂದೆ ಕಂಡದ್ದನ್ನು ಬರೆಯಬೇಕು. ಇಲ್ಲಿ ನನ್ನ ಮಟ್ಟಿಗೆ ಅತಿ ಮುಖ್ಯವಾದ ಶಿಸ್ತು ಬರುತ್ತದೆ. ಅಳೆದದ್ದು, ಇನ್ನೊಬ್ಬರು ಹೇಳಿದ್ದು, ನಾವು ಊಹಿಸಿದ್ದು ಬೇರೆ ಬೇರೆಯಾಗಿ ಕಾಣಬೇಕು. ಹೊಸಬರ ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಆಪರೇಟರ್ ಸರಿಯಾಗಿ ಡೋಸಿಂಗ್ ಮಾಡದ ಕಾರಣ ಕ್ರೋಮಿಯಂ ಹೆಚ್ಚಾಗಿದೆ.’ ಇದರಲ್ಲಿ ಅಳತೆ ಇಲ್ಲ, ಊಹೆ ಮಾತ್ರ ಇದೆ, ಆ ಊಹೆ ಒಬ್ಬ ಬಡ ಕೆಲಸಗಾರನ ಮೇಲೆ ಬಿದ್ದಿದೆ. ಆ ಸಾಲನ್ನು ನಂಬಿ ಎಂ.ಡಿ. ಆಪರೇಟರನನ್ನು ಬದಲಿಸಬಹುದು. ಆಮೇಲೂ ಕ್ರೋಮಿಯಂ ಅಷ್ಟೇ ಇರುತ್ತದೆ.

ನಮ್ಮ ಅಧಿಕಾರಿ ಮೊದಲ ತೊಟ್ಟಿಯ ಬಳಿ ಹೋಗಿ ನೋಡಿದಾಗ ನೀರು ಹಸಿರಾಗದೆ ಹಳದಿ ಛಾಯೆಯಲ್ಲೇ ಇತ್ತು. ಮೀಟರ್ ಪಿಎಚ್ 2.4 ತೋರಿಸುತ್ತಿತ್ತು. ಕಾಗದದ ಪಟ್ಟಿ ಅದ್ದಿ ನೋಡಿದರೆ 4 ಮತ್ತು 5ರ ನಡುವೆ ಬಂತು. ಮೀಟರಿನ ಎಲೆಕ್ಟ್ರೋಡ್ ಮೇಲೆ ಕೆಸರಿನ ಪದರ ಕಟ್ಟಿತ್ತು. 4 ಮತ್ತು 7ರ ಬಫರ್ ದ್ರಾವಣಗಳಲ್ಲಿಟ್ಟು ಅದನ್ನು ಕೊನೆಯ ಸಲ ಸರಿಹೊಂದಿಸಿದ್ದು ಐದು ತಿಂಗಳ ಹಿಂದೆ ಎಂದು ಲಾಗ್ ಪುಸ್ತಕ ಹೇಳುತ್ತಿತ್ತು. ಆಪರೇಟರ್ ಮೀಟರನ್ನು ನಂಬಿ ಆಮ್ಲ ನಿಲ್ಲಿಸುತ್ತಿದ್ದ, ಅವನಿಗೆ ಕೊಟ್ಟ ಸೂಚನೆಯೇ ಅದು. ಇದು ಟಿಪ್ಪಣಿಯಲ್ಲಿ ಹೀಗೆ ಬರುತ್ತದೆ:

> ಅಳೆದದ್ದು: ಹೊರಹರಿವಿನಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಲೀಟರಿಗೆ 0.42 ಮಿಲಿಗ್ರಾಂ, ಸಮ್ಮತಿ ಪತ್ರದ ಮಿತಿ 0.1. ಇದು ನಮ್ಮ ಮಾದರಿಯ ಫಲಿತಾಂಶ. ಮಂಡಳಿಯ ಮಾದರಿಯ ಫಲಿತಾಂಶ ಇನ್ನೂ ಬಂದಿಲ್ಲ. ಮೊದಲ ತೊಟ್ಟಿಯಲ್ಲಿ ಮೀಟರ್ ಪಿಎಚ್ 2.4 ತೋರಿಸಿದಾಗ ಕಾಗದದ ಪಟ್ಟಿಯಲ್ಲಿ 4ರಿಂದ 5 ಬಂದಿದೆ.
> ನಮ್ಮ ಅಭಿಪ್ರಾಯ: ಎಲೆಕ್ಟ್ರೋಡ್ ತಪ್ಪು ತೋರಿಸಿದ್ದರಿಂದ ಆಮ್ಲ ಕಡಿಮೆ ಬಿದ್ದು ಕ್ರೋಮಿಯಂ ಪೂರ್ತಿ ಇಳಿದಿಲ್ಲ. ಇದು ಯಾವಾಗಿನಿಂದ ಹೀಗಿತ್ತು ಎಂದು ನಮ್ಮ ದಾಖಲೆಗಳಿಂದ ಹೇಳಲು ಆಗುವುದಿಲ್ಲ.

ಕೊನೆಯ ವಾಕ್ಯ ಬರೆಯಲು ಕೈ ನಡುಗುತ್ತದೆ. ಐದು ತಿಂಗಳಿಂದಲೂ ಇದ್ದಿರಬಹುದು ಎಂಬ ಅರ್ಥ ಅದರಲ್ಲಿದೆ. ಆದರೂ ಬರೆಯಿರಿ. ಎಂ.ಡಿ. ಮಂಡಳಿಯ ಮುಂದೆ ಕುಳಿತು ‘ಅದೊಂದು ದಿನದ ತೊಂದರೆ’ ಎಂದು ಹೇಳಿ, ಅದು ಸುಳ್ಳೆಂದು ಗೊತ್ತಾದರೆ ಆಗುವ ನಷ್ಟ ಈ ವಾಕ್ಯದಿಂದ ಆಗುವುದಿಲ್ಲ.

ಕಾನೂನಿನ ಭಾಗವನ್ನು ನಾಲ್ಕು ಸಾಲಿಗಿಂತ ಹೆಚ್ಚು ಬೆಳೆಸಬೇಡಿ, ಆದರೆ ಬಿಡಲೂಬೇಡಿ. 1974ರ ಜಲ ಕಾಯ್ದೆಯ 33ಎ ಕಲಮಿನಡಿ ಮಂಡಳಿ ಕಾರ್ಖಾನೆ ಮುಚ್ಚಲು, ವಿದ್ಯುತ್ ಮತ್ತು ನೀರು ಕಡಿತಗೊಳಿಸಲು ನಿರ್ದೇಶನ ಕೊಡಬಲ್ಲದು. 47ನೇ ಕಲಮು ಕಂಪನಿಗಳ ಕುರಿತದ್ದು. ಕಂಪನಿ ತಪ್ಪು ಮಾಡಿದಾಗ ಅದರ ವ್ಯವಹಾರದ ಹೊಣೆ ಹೊತ್ತಿದ್ದವರೂ ಹೊಣೆಗಾರರಾಗುತ್ತಾರೆ. ತನಗೆ ತಿಳಿಯದೆ ಇದು ನಡೆಯಿತು, ಅಥವಾ ತಡೆಯಲು ತಕ್ಕ ಎಚ್ಚರವೆಲ್ಲ ವಹಿಸಿದ್ದೆ ಎಂದು ಸಾಬೀತುಪಡಿಸಿದರೆ ಮಾತ್ರ ಅವರಿಗೆ ರಕ್ಷಣೆ. ಇದನ್ನು ಹೊಸಬರು ಎರಡು ಸಲ ಓದಬೇಕು. ನಿಮ್ಮ ಟಿಪ್ಪಣಿ ಮೇಜಿಗೆ ತಲುಪಿದ ಮೇಲೆ ಎಂ.ಡಿ. ‘ತಿಳಿದಿರಲಿಲ್ಲ’ ಎನ್ನುವಂತಿಲ್ಲ. ಅಂದಿನಿಂದ ಅವರಿಗೆ ಉಳಿಯುವುದು ಎರಡನೆಯ ದಾರಿ ಮಾತ್ರ, ತಕ್ಕ ಎಚ್ಚರ ವಹಿಸುವುದು. ಆದ್ದರಿಂದಲೇ ಟಿಪ್ಪಣಿಯ ಮೇಲೆ ದಿನಾಂಕದ ಜೊತೆ ಸಮಯವನ್ನೂ ಹಾಕಬೇಕು. ಸಮಸ್ಯೆ ತಿಳಿಸಿ ದಾರಿ ತೋರಿಸದ ಟಿಪ್ಪಣಿ ಅವರನ್ನು ಕಟ್ಟಿಹಾಕಿ ಹೋದಂತಾಗುತ್ತದೆ, ಅದು ನ್ಯಾಯವಲ್ಲ.

ಆ ದಾರಿಯೇ ಟಿಪ್ಪಣಿಯ ಹೃದಯ. ನಮ್ಮ ಉದಾಹರಣೆಯಲ್ಲಿ ಎರಡು ದಾರಿಗಳಿವೆ. ಹೊಸ ನಿಯಂತ್ರಕ ಬಂದು ಕೂರಲು ಹತ್ತು ದಿನ ಬೇಕು. ಅಲ್ಲಿಯವರೆಗೆ ಕ್ರೋಮ್ ಲೈನ್ ನಿಲ್ಲಿಸುವುದು ಒಂದು ದಾರಿ. ಖಚಿತ, ಆದರೆ ಗಿರಾಕಿಗಳ ಸರಕು ಹತ್ತು ದಿನ ತಡವಾಗುತ್ತದೆ. ಇನ್ನೊಂದು, 2,000 ಲೀಟರಿನ ತೊಟ್ಟಿಯಲ್ಲಿ ಒಂದೊಂದೇ ಬ್ಯಾಚ್ ಶುದ್ಧೀಕರಿಸುವುದು. ಆಮ್ಲ ಹಾಕಿ ಕಾಗದದ ಪಟ್ಟಿಯಲ್ಲಿ ಪಿಎಚ್ ನೋಡಿ, ಬಣ್ಣ ಹಸಿರಾಗುವವರೆಗೆ ಮೆಟಾಬೈಸಲ್ಫೈಟ್ ಹಾಕಿ, ಸುಣ್ಣ ಬೆರೆಸಿ, ಸ್ಲಡ್ಜ್ ಕೂರಲು ಬಿಟ್ಟು, ಮೇಲಿನ ತಿಳಿನೀರನ್ನು ಪರೀಕ್ಷಿಸಿ ಬಿಡಬೇಕು. ಒಂದಕ್ಕೆ ನಾಲ್ಕು ಗಂಟೆ ಎಂದರೆ ಎರಡು ಪಾಳಿಯಲ್ಲಿ ನಾಲ್ಕು ಬ್ಯಾಚ್, 8,000 ಲೀಟರ್. ದಿನಕ್ಕೆ ಬರುವುದು 6,000. ತುಂಬಿದ ತೊಟ್ಟಿಯೂ ನಿಧಾನವಾಗಿ ಇಳಿಯುತ್ತದೆ.

> ನನ್ನ ಶಿಫಾರಸು ಎರಡನೆಯ ದಾರಿ, ಈ ಷರತ್ತಿನ ಮೇಲೆ: ಪ್ರತಿ ಬ್ಯಾಚನ್ನೂ ಬಿಡುವ ಮೊದಲು ಡೈಫೀನೈಲ್ ಕಾರ್ಬಝೈಡ್ ಕಿಟ್‌ನಲ್ಲಿ ಪರೀಕ್ಷಿಸಿ, ಓದಿದ ಅಂಕಿ 0.1ಕ್ಕಿಂತ ಕೆಳಗಿದ್ದರೆ ಮಾತ್ರ ಬಿಡುವುದು. ಬ್ಯಾಚ್ ಎರಡನೇ ಸಲವೂ ತೇರ್ಗಡೆ ಆಗದಿದ್ದರೆ, ತಮ್ಮ ಮುಂದಿನ ಆದೇಶಕ್ಕೆ ಕಾಯದೆ ಲೈನ್ ನಿಲ್ಲಿಸಲು ಪ್ರೊಡಕ್ಷನ್ ಮ್ಯಾನೇಜರರಿಗೆ ಈಗಲೇ ಅಧಿಕಾರ ಕೊಡುವುದು.

ಆ ಕಿಟ್‌ನಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಇದ್ದರೆ ನೀರು ಗುಲಾಬಿ-ನೇರಳೆಗೆ ತಿರುಗುತ್ತದೆ, ಬಣ್ಣದ ಗಾಢತೆ ನೋಡಿ ಅಂಕಿ ಓದುತ್ತಾರೆ. ಪಾಳಿಯ ಆಪರೇಟರ್ ಸ್ವಲ್ಪ ತರಬೇತಿಯಲ್ಲಿ ಮಾಡಬಹುದು. ಷರತ್ತಿನ ಎರಡನೆಯ ವಾಕ್ಯವನ್ನು ಬಿಟ್ಟರೆ ಏನಾಗುತ್ತದೆ? ರಾತ್ರಿ ಎರಡು ಗಂಟೆಗೆ ಬ್ಯಾಚ್ ಕೆಟ್ಟಾಗ, ಎಂ.ಡಿ.ಯವರನ್ನು ಎಬ್ಬಿಸಲು ಯಾರಿಗೂ ಧೈರ್ಯ ಬರುವುದಿಲ್ಲ, ನೀರು ಹೊರಗೆ ಹೋಗುತ್ತದೆ. ತೀರ್ಮಾನ ಕೇಳುವಾಗ ಆ ರಾತ್ರಿಯ ತೀರ್ಮಾನವನ್ನೂ ಹಗಲಲ್ಲೇ ಕೇಳಿಟ್ಟುಕೊಳ್ಳಬೇಕು.

ನಿಯಂತ್ರಕದ ಮಂಜೂರಾತಿಗೆ ಹೆಚ್ಚು ಮಾತು ಬೇಡ. ಕೊಟೇಶನ್ ಲಗತ್ತಿಸಿ, ವಾರಕ್ಕೊಮ್ಮೆ ಎಲೆಕ್ಟ್ರೋಡ್ ತೊಳೆದು ಬಫರಿನಲ್ಲಿ ಸರಿಹೊಂದಿಸುವ ಹೊಣೆ ಯಾರದು ಎಂದು ಹೆಸರಿಸಿ. ಹೊಸ ಉಪಕರಣಕ್ಕೂ ಕೆಸರು ಮೆತ್ತಿಕೊಳ್ಳುತ್ತದೆ.

ಸ್ಲಡ್ಜ್ ವಿಷಯದಲ್ಲಿ ತೊಡಕು ಬೇರೆ ಕಡೆ ಇತ್ತು. ಅಪಾಯಕಾರಿ ತ್ಯಾಜ್ಯವನ್ನು ಸಂಸ್ಕರಿಸಿ ಹೂಳುವ ಅಧಿಕೃತ ಘಟಕಕ್ಕೆ ಕಳಿಸಬೇಕು. ಅದರೊಂದಿಗಿನ ಒಪ್ಪಂದದ ಅವಧಿ ಮುಗಿದಿತ್ತು, ನವೀಕರಣದ ಬಿಲ್ಲು ಅಕೌಂಟ್ಸ್ ವಿಭಾಗದಲ್ಲಿ ಕುಳಿತಿತ್ತು, ಹಾಗಾಗಿ ಲಾರಿ ಬರಲಿಲ್ಲ. ಇಲ್ಲಿ ಟಿಪ್ಪಣಿ ಯಾರನ್ನೂ ದೂರಬೇಕಿಲ್ಲ. ಬಿಲ್ಲಿನ ದಿನಾಂಕ, ಮೊತ್ತ, ಪಾವತಿಯಾದ ಮೇಲೆ ಲಾರಿ ಬರಲು ಬೇಕಾದ ದಿನ ಬರೆದರೆ ಸಾಕು. ಕಳಿಸುವಾಗ ನಮೂನೆ 10ರ ಮ್ಯಾನಿಫೆಸ್ಟ್ ಹೋಗಬೇಕು ಎಂಬುದು ಕಂಪ್ಲಯನ್ಸ್ ಅಧಿಕಾರಿಯ ಕೆಲಸ, ಎಂ.ಡಿ.ಯದಲ್ಲ, ಅದನ್ನು ಇಲ್ಲಿ ಬರೆಯಬೇಡಿ. 90 ದಿನದ ಅವಧಿಯನ್ನು ಕೆಲವು ಸಂದರ್ಭಗಳಲ್ಲಿ ಮಂಡಳಿ ವಿಸ್ತರಿಸಬಹುದು, ಆದರೆ ಅದನ್ನು ಮೊದಲೇ ಕೇಳಿರಬೇಕು. ನಾವು ಕೇಳಿಲ್ಲ ಎಂದೇ ಬರೆಯಿರಿ. ಇಂಥ ಹೊತ್ತಿನಲ್ಲಿ ಯಾರಾದರೂ ಬಂದು ‘ಚೀಲ ಬದಲಿಸಿ ಹೊಸ ಚೀಟಿ ಅಂಟಿಸೋಣ’ ಎನ್ನಬಹುದು. ಅದು ತಡವನ್ನು ಮೋಸವಾಗಿ ಮಾರ್ಪಡಿಸುತ್ತದೆ. ಚೀಟಿಗಳ ಫೋಟೋ ತೆಗೆದು ಟಿಪ್ಪಣಿಗೆ ಲಗತ್ತಿಸಿಬಿಟ್ಟರೆ ಆ ಮಾತು ಮತ್ತೆ ಏಳುವುದಿಲ್ಲ.

ಎಂ.ಡಿ. ಕೇಳಬಹುದಾದ ಒಂದು ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡುವುದು ಒಳ್ಳೆಯದು: ‘ಈ ಮಾದರಿಯನ್ನು ನಾವು ಪ್ರಶ್ನಿಸಬಹುದೇ?’ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಮಾದರಿ ತೆಗೆಯುವ ಅಧಿಕಾರಿ ಮೊದಲು ನೋಟಿಸ್ ಕೊಡಬೇಕು, ನಮ್ಮವರ ಎದುರು ಮಾದರಿಯನ್ನು ಎರಡು ಭಾಗ ಮಾಡಿ ಮುದ್ರೆ ಹಾಕಬೇಕು, ಎರಡೂ ಕಡೆಯವರು ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ಆ ಫಲಿತಾಂಶ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಹಾಗಾಗಿ ಮಂಗಳವಾರ ಏನೇನು ಆಯಿತು, ಯಾರು ಸಹಿ ಮಾಡಿದರು ಎಂದು ಇದ್ದ ಹಾಗೆ ಒಂದು ಸಾಲಲ್ಲಿ ದಾಖಲಿಸಬೇಕು. ಅದರ ಕೆಳಗೇ ನಿಮ್ಮ ಅಭಿಪ್ರಾಯವನ್ನೂ ನೇರವಾಗಿ ಬರೆಯಿರಿ:

> ಕ್ರಮದಲ್ಲಿ ಲೋಪ ಇದ್ದರೂ ಅದರ ಮೇಲೆ ನಿಲ್ಲುವುದು ಬೇಡ ಎಂಬುದು ನನ್ನ ಸಲಹೆ. ನಮ್ಮದೇ ಮಾದರಿ ಮಿತಿಯ ನಾಲ್ಕು ಪಟ್ಟು ತೋರಿಸಿದೆ. ನೋಟಿಸಿಗೆ ಕಾಯದೆ, ಕೈಗೊಂಡ ಕ್ರಮಗಳನ್ನು ಪ್ರಾದೇಶಿಕ ಪರಿಸರ ಅಧಿಕಾರಿಗಳಿಗೆ ಶುಕ್ರವಾರ ಪತ್ರದ ಮೂಲಕ ತಿಳಿಸಲು ಅನುಮತಿ ಕೋರುತ್ತೇನೆ. ಕರಡು ಲಗತ್ತಿಸಿದೆ.

ವಕೀಲರು ಬೇರೆ ಹೇಳಬಹುದು, ಎಂ.ಡಿ. ಅವರ ಮಾತು ಕೇಳಬಹುದು. ಅದು ಅವರ ಹಕ್ಕು. ಕಂಪ್ಲಯನ್ಸ್ ಅಧಿಕಾರಿ ತನ್ನ ಅಭಿಪ್ರಾಯವನ್ನು ಮುಚ್ಚಿಟ್ಟು ‘ತಮ್ಮ ಸೂಚನೆಯಂತೆ’ ಎಂದು ಬರೆಯುವುದು ಮಾತ್ರ ಕೆಲಸ ಬಿಟ್ಟುಕೊಟ್ಟಂತೆ.

ಪುಟದ ಕೆಳಗೆ ಪ್ರತಿ ತೀರ್ಮಾನದ ಎದುರು ‘ಒಪ್ಪಿದೆ / ಒಪ್ಪಿಲ್ಲ / ಬದಲಾವಣೆ’ ಎಂದು ಬರೆದು, ಸಹಿಗೆ ಮತ್ತು ಸಮಯಕ್ಕೆ ಜಾಗ ಬಿಡಿ. ಮೂರಕ್ಕೂ ಸೇರಿ ಒಂದೇ ಸಹಿ ಇಟ್ಟರೆ ದುಡ್ಡಿನ ವಿಷಯದಲ್ಲಿ ಅನುಮಾನ ಬಂದು ಮೂರೂ ನಿಲ್ಲುತ್ತವೆ. ಬೇರೆ ಬೇರೆ ಇದ್ದರೆ ಮೊದಲನೆಯದಾದರೂ ಗುರುವಾರ ಮಧ್ಯಾಹ್ನಕ್ಕೆ ಬರುತ್ತದೆ. ಟಿಪ್ಪಣಿಯನ್ನು ಇಮೇಲಿನಲ್ಲಿ ಕಳಿಸಿದ ಮೇಲೂ ಕೈಯಲ್ಲಿ ಹಿಡಿದು ಹೋಗಿ ಕೊಡಿ, ಸಹಿಯಾದ ಪ್ರತಿಯನ್ನು ಇ.ಟಿ.ಪಿ. ಮೇಲ್ವಿಚಾರಕರಿಗೂ ಅಕೌಂಟ್ಸ್‌ಗೂ ಅಂದೇ ತಲುಪಿಸಿ.

ಸೋಮವಾರ ಇನ್ನೊಂದು ಟಿಪ್ಪಣಿ ಹೋಗಬೇಕು, ಅರ್ಧ ಪುಟದ್ದು. ಗುರುವಾರ ರಾತ್ರಿಯಿಂದ ಎಷ್ಟು ಬ್ಯಾಚ್ ಆದವು, ಪ್ರತಿಯೊಂದರ ಪರೀಕ್ಷೆಯಲ್ಲಿ ಎಷ್ಟು ಬಂತು, ಸಂಗ್ರಹ ತೊಟ್ಟಿಯ ಮಟ್ಟ ಎಷ್ಟಿದೆ, ಶುಲ್ಕ ಪಾವತಿಯಾಗಿ ಲಾರಿಗೆ ದಿನ ಗೊತ್ತಾಯಿತೇ ಎಂಬುದು ಅದರಲ್ಲಿರಲಿ. ಎರಡನೇ ಸಲವೂ ತಪ್ಪಿದ ಬ್ಯಾಚ್ ಇದ್ದರೆ ಅದು ಮೊದಲ ಸಾಲಿನಲ್ಲಿರಲಿ, ಲೈನ್ ಎಷ್ಟು ಗಂಟೆಗೆ ನಿಂತಿತು ಎಂಬುದರ ಸಮೇತ.